± ಚಿಹ್ನೆಯ ಬಲಗಡೆ ಏನನ್ನು ಬರೆಯಬೇಕು?



ಕುಣಿಗಲ್‌ನಲ್ಲಿ ಈ ದತ್ತಿ ಉಪನ್ಯಾಸ ಕೊಡಲು ನನ್ನನ್ನು ಕರೆದದ್ದು ದೊಡ್ಡ ಗೌರವ. ದತ್ತಿಗೆ ಯಾರ ಹೆಸರಿದೆಯೋ ಆ ಮೇಷ್ಟ್ರು ಪ್ರಯೋಗಶಾಲೆಯ ದಾಖಲೆ ಪುಸ್ತಕವನ್ನು ಸಾಲು ಬಿಡದೆ ಓದುತ್ತಿದ್ದರೆಂದು ಅವರ ಶಿಷ್ಯರು ಇವತ್ತಿಗೂ ಹೇಳುತ್ತಾರೆ. ಅಂಥವರ ನೆನಪಿನಲ್ಲಿ ಮಾತಾಡುವಾಗ ದೊಡ್ಡ ವಿಷಯಕ್ಕಿಂತ ಆ ಪುಸ್ತಕದ ಒಂದು ಸಾಲನ್ನೇ ಹಿಡಿದುಕೊಳ್ಳುವುದು ಸರಿ ಎನಿಸಿತು. ಫಲಿತಾಂಶದ ಅಧ್ಯಾಯದಲ್ಲಿ ಸರಾಸರಿ ಬರೆದು, ಪಕ್ಕದಲ್ಲಿ ± ಹಾಕಿ, ಇನ್ನೊಂದು ಸಂಖ್ಯೆ ಬರೆಯುತ್ತೇವಲ್ಲ, ಆ ಸಾಲು.

ಮಾನಕ ವಿಚಲನೆಯ ಸೂತ್ರ ಪಿಯುಸಿ ಗಣಿತ ಪುಸ್ತಕದಲ್ಲೇ ಇದೆ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅಳತೆಗಳು ಒಂದರಿಂದೊಂದು ಎಷ್ಟು ಚದುರಿವೆ ಎಂಬುದನ್ನು ಮಾನಕ ವಿಚಲನೆ, ಅಂದರೆ ಎಸ್‌ಡಿ, ಹೇಳುತ್ತದೆ. ನಾವು ಲೆಕ್ಕ ಹಾಕಿದ ಸರಾಸರಿ ನಿಜವಾದ ಸರಾಸರಿಯಿಂದ ಎಷ್ಟು ದೂರ ಇರಬಹುದು ಎಂಬುದನ್ನು ಮಾನಕ ದೋಷ, ಅಂದರೆ ಎಸ್‌ಇ, ಹೇಳುತ್ತದೆ. ಎಸ್‌ಡಿಯನ್ನು ಅಳತೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಎಸ್‌ಇ ಸಿಗುತ್ತದೆ. ಅಳತೆ ಹೆಚ್ಚಿಸಿದಷ್ಟೂ ಎಸ್‌ಇ ಕುಗ್ಗುತ್ತದೆ. ಎಸ್‌ಡಿ ಹಾಗೆ ಕುಗ್ಗುವುದಿಲ್ಲ, ಏಕೆಂದರೆ ಚದುರುವಿಕೆ ನಾವು ಅಳೆಯುವ ವಸ್ತುವಿನಲ್ಲೇ ಇರುತ್ತದೆ. 2005ರಲ್ಲಿ ಡಗ್ಲಸ್ ಆಲ್ಟ್‌ಮನ್ ಮತ್ತು ಮಾರ್ಟಿನ್ ಬ್ಲಾಂಡ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಪುಟ್ಟ ಟಿಪ್ಪಣಿಯೊಂದರಲ್ಲಿ ಇದನ್ನು ಇತ್ಯರ್ಥ ಮಾಡಿದ್ದಾರೆ: ಅಂಕಿಗಳನ್ನು ವರ್ಣಿಸುವುದಾದರೆ ಎಸ್‌ಡಿ, ಸರಾಸರಿಯನ್ನು ಅಂದಾಜು ಮಾಡುವುದಾದರೆ ಎಸ್‌ಇ. ಇಷ್ಟರಲ್ಲೇ ಮುಗಿಯಬಹುದಾದ ವಿಷಯಕ್ಕೆ ಒಂದು ಉಪನ್ಯಾಸ ಬೇಕಾದದ್ದು ಏಕೆಂದರೆ, ಭಾಗಿಸುವ ಸಂಖ್ಯೆ ಯಾವುದು ಎಂಬಲ್ಲಿ ನಮ್ಮವರು ಎಡವುತ್ತಾರೆ. ನನ್ನ ತಕರಾರೆಲ್ಲ ಅಲ್ಲೇ.

ತುಮಕೂರು ಜಿಲ್ಲೆಯಲ್ಲಿ ಕೊಳವೆಬಾವಿಯ ನೀರು ಪರೀಕ್ಷಿಸದ ರಸಾಯನಶಾಸ್ತ್ರ ವಿಭಾಗ ಸಿಗುವುದು ಕಷ್ಟ. ಪಾವಗಡದ ಕಡೆಯ ಫ್ಲೋರೈಡ್ ಎಲ್ಲರಿಗೂ ಗೊತ್ತು. ಅದರಿಂದಾಗಿಯೇ ನಮ್ಮ ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಂದೊಡನೆ ಫ್ಲೋರೈಡ್ ಅಳೆಯಲು ಹೊರಡುತ್ತಾರೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು, ಯಾವ ಊರಿನವೂ ಅಲ್ಲ. ವಿದ್ಯಾರ್ಥಿನಿಯೊಬ್ಬಳು ಐದು ಕೊಳವೆಬಾವಿಗಳಿಂದ ಒಂದೊಂದು ಬಾಟಲಿ ನೀರು ತಂದಳು. ಪ್ರತಿ ಬಾಟಲಿಯ ನೀರಿಗೆ ಬಫರ್ ದ್ರಾವಣ ಬೆರೆಸಿ, ಫ್ಲೋರೈಡ್ ಎಲೆಕ್ಟ್ರೋಡ್ ಅದ್ದಿ, ಮೂರು ಸಲ ರೀಡಿಂಗ್ ತೆಗೆದಳು. ಒಟ್ಟು ಹದಿನೈದು ಅಂಕಿ. ಮೊದಲ ಬಾವಿಯ ಮೂರು ರೀಡಿಂಗ್ ಲೀಟರಿಗೆ 0.62, 0.64, 0.63 ಮಿಲಿಗ್ರಾಂ. ಐದನೆಯದರವು 2.26, 2.28, 2.27. ಬಾವಿವಾರು ಸರಾಸರಿ 0.63, 0.90, 1.20, 1.50 ಮತ್ತು 2.27. ಎಲ್ಲಕ್ಕೂ ಸೇರಿ 1.30.

ಇನ್ನು ಅವಳು ಎಕ್ಸೆಲ್ ತೆರೆಯುತ್ತಾಳೆ. ಎಸ್‌ಇಗೆ ಅದರಲ್ಲಿ ಸಿದ್ಧ ಫಂಕ್ಷನ್ ಇಲ್ಲ. ಹಿರಿಯ ವಿದ್ಯಾರ್ಥಿಗಳಿಂದ ಕೈದಾಟಿ ಬಂದ ಸೂತ್ರ ಇದು:

```
=STDEV.S(B2:B16)/SQRT(COUNT(B2:B16))
```

ಉತ್ತರ 0.15. ಪ್ರಬಂಧದಲ್ಲಿ 1.30 ± 0.15 ಎಂದು ಅಚ್ಚಾಗುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ 1.0 ದಾಟಬಾರದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ 10500. ಪಂಚಾಯಿತಿಯವರು ಈ ಪ್ರಬಂಧ ಓದಿದರೆ ಏನೆಂದುಕೊಳ್ಳುತ್ತಾರೆ? ನೀರು 1.15ರಿಂದ 1.45ರ ಒಳಗಿದೆ, ಮಿತಿಯೊಳಗೇ ಇದೆ ಎಂದು. ಆದರೆ ಒಂದು ಬಾವಿ ಮಿತಿಯ ಗೆರೆಯ ಮೇಲೇ ನಿಂತಿದೆ, ಇನ್ನೊಂದು ಅದನ್ನು ಬಹಳ ಮೀರಿದೆ. ಐದನೇ ಬಾವಿಯ ನೀರು ಕುಡಿಯುವ ಮನೆಯವರಿಗೆ 1.30 ಎಂಬ ಸರಾಸರಿಯಿಂದ ಆಗಬೇಕಾದ್ದು ಏನೂ ಇಲ್ಲ.

COUNT ಎಂಬ ಫಂಕ್ಷನ್‌ಗೆ ಬಾವಿ ಯಾವುದು, ಬಾಟಲಿ ಯಾವುದು ಎಂದು ತಿಳಿಯದು. ಸಾಲು ಎಷ್ಟಿವೆಯೋ ಅಷ್ಟನ್ನು ಎಣಿಸಿ ಹದಿನೈದು ಎನ್ನುತ್ತದೆ. ಆದರೆ ಒಂದೇ ಬಾಟಲಿಯ ಮೂರು ರೀಡಿಂಗ್ ಬಾವಿಯ ಬಗ್ಗೆ ಮೂರು ಸುದ್ದಿ ತರುವುದಿಲ್ಲ. ಒಂದೇ ಸುದ್ದಿಯನ್ನು ಮೂರು ಸಲ ಹೇಳುತ್ತದೆ. ಬಾವಿಗಳ ಬಗ್ಗೆ ಮಾತಾಡುವಾಗ ಸಂಖ್ಯೆ ಐದು. ಐದು ಸರಾಸರಿಗಳ ಎಸ್‌ಡಿ 0.63, ಎಸ್‌ಇ 0.28. ಅವಳು ಬರೆದದ್ದು ಇದರ ಸುಮಾರು ಅರ್ಧ. ಬಾವಿಗಳ ಸರಾಸರಿಗೆ ಶೇಕಡ 95ರ ವಿಶ್ವಾಸಾಂತರ ಬೇಕೆಂದರೆ, ಐದೇ ಬಾವಿಗಳಿರುವುದರಿಂದ ಎಸ್‌ಇಯನ್ನು 2.78ರಿಂದ ಗುಣಿಸಬೇಕು. ಆಗ ಸಿಗುವುದು 0.5ರಿಂದ 2.1. ಇದು ಐದು ಬಾವಿಯಿಂದ ದಕ್ಕಿದ ಪ್ರಾಮಾಣಿಕ ಉತ್ತರ. ಅದೂ ಬಾವಿಗಳನ್ನು ಚೀಟಿ ಎತ್ತಿ ಆರಿಸಿದ್ದರೆ ಮಾತ್ರ. ಬಸ್ಸು ನಿಲ್ಲುವ ಕಡೆಯ ಐದು ಬಾವಿಗಳನ್ನು ಹಿಡಿದಿದ್ದರೆ, ತಾಲೂಕಿನ ಬಗ್ಗೆ ಮಾತಾಡುವ ಹಕ್ಕು ಯಾವ ಎಸ್‌ಇಗೂ ಇಲ್ಲ.

ಈ ದೋಷಕ್ಕೆ 1984ರಲ್ಲಿ ಪರಿಸರ ವಿಜ್ಞಾನಿ ಸ್ಟೂವರ್ಟ್ ಹರ್ಲ್‌ಬರ್ಟ್ ಹೆಸರು ಕೊಟ್ಟರು. ಕನ್ನಡದಲ್ಲಿ ಹುಸಿ ಪುನರಾವರ್ತನೆ ಎನ್ನಬಹುದು. ಆ ಲೇಖನ ಬಂದು ನಲವತ್ತು ವರ್ಷ ದಾಟಿದರೂ ಮೌಖಿಕ ಪರೀಕ್ಷೆಗಳಲ್ಲಿ ನಾನು ಇದೇ ದೋಷವನ್ನು ಕಾಣುತ್ತಿದ್ದೇನೆ.

ಹಾಗಾದರೆ ಮೂರು ರೀಡಿಂಗ್ ಯಾಕೆ ತೆಗೆಯಬೇಕು? ಉಪಕರಣ ಸರಿಯಿದೆಯೇ ಎಂದು ತಿಳಿಯಲು. ನಮ್ಮ ಉದಾಹರಣೆಯಲ್ಲಿ ಬಾಟಲಿಯೊಳಗಿನ ಎಸ್‌ಡಿ ಸುಮಾರು 0.01. ಅದನ್ನು ವಿಧಾನದ ಅಧ್ಯಾಯದಲ್ಲಿ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಅದರಲ್ಲೂ ಅತಿಯಾದ ನಂಬಿಕೆ ಬೇಡ. ಫ್ಲೋರೈಡ್ ಎಲೆಕ್ಟ್ರೋಡ್ ಸಾಂದ್ರತೆ ಹತ್ತು ಪಟ್ಟಾದರೆ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಬೆಳಿಗ್ಗೆ ಕ್ಯಾಲಿಬ್ರೇಷನ್ ಮಾಡಿದ ಮೇಲೆ ಅದು ಒಂದೇ ಒಂದು ಮಿಲಿವೋಲ್ಟ್ ಜಾರಿದರೂ ಸಾಂದ್ರತೆ ಶೇಕಡ 4ರಷ್ಟು ತಪ್ಪುತ್ತದೆ. ಐದನೇ ಬಾವಿಯಲ್ಲಿ ಅದು 0.09. ಮೂರು ರೀಡಿಂಗ್ ಒಂದೇ ದಿಕ್ಕಿಗೆ ಒಟ್ಟಿಗೆ ಜಾರುವುದರಿಂದ ಅವುಗಳ ನಡುವಿನ ಚದುರುವಿಕೆಯಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ. ಮೂರರ ಬದಲು ನೂರು ರೀಡಿಂಗ್ ತೆಗೆದರೂ ವರ್ಗಮೂಲ ಇದನ್ನು ಸರಿಪಡಿಸದು. ಗೊತ್ತಿರುವ ಸಾಂದ್ರತೆಯ ದ್ರಾವಣವನ್ನು ನಡುನಡುವೆ ಅಳೆದು ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಈಗ ನನ್ನ ಮಾತನ್ನು ಒಪ್ಪದವರ ವಾದಗಳಿಗೆ ಬರುತ್ತೇನೆ.

ಕೃಷಿ ವಿಜ್ಞಾನದ ಮಿತ್ರರದು ಗಟ್ಟಿಯಾದ ವಾದ. ಅವರ ಪ್ರಬಂಧಗಳ ಪ್ರತಿ ಕೋಷ್ಟಕದ ಕೊನೆಯಲ್ಲಿ ಎಸ್‌ಇಎಂ± ಎಂಬ ಸಾಲು, ಅದರ ಕೆಳಗೆ ಸಿಡಿ ಎಂಬ ಸಾಲು ಇರುತ್ತದೆ. ರಾಗಿಯ ತಳಿಗಳನ್ನು ಹೋಲಿಸುವಾಗ ತಲೆಮಾರುಗಳಿಂದ ಹೀಗೇ ಬರೆದಿದ್ದೇವೆ, ಯಾವ ಹಾನಿಯೂ ಆಗಿಲ್ಲ ಎನ್ನುತ್ತಾರೆ. ರಾಗಿ ತಾಕಿನ ಮಟ್ಟಿಗೆ ಅವರ ಮಾತು ಪೂರ್ತಿ ಸರಿ. ಅಲ್ಲಿ ಪ್ರತಿ ತಳಿಯನ್ನೂ ಬೇರೆ ಬೇರೆ ತಾಕಿನಲ್ಲಿ ಚೀಟಿ ಎತ್ತಿ ಬಿತ್ತಿರುತ್ತಾರೆ. ತಾಕೇ ಅಲ್ಲಿನ ಘಟಕ. ವೇರಿಯನ್ಸ್ ವಿಶ್ಲೇಷಣೆಯಿಂದ ಬಂದ ದೋಷದ ಅಂಕಿಯನ್ನು ಪುನರಾವರ್ತನೆಗಳ ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆಯುತ್ತಾರೆ. ಕೇಳಿದ ಪ್ರಶ್ನೆಯೂ ಎರಡು ಸರಾಸರಿಗಳ ವ್ಯತ್ಯಾಸದ್ದು, ಸಿಡಿ ಅದಕ್ಕೇ ಉತ್ತರ ಕೊಡುತ್ತದೆ. ನನ್ನ ವಿರೋಧವಿರುವುದು ಆ ಕೋಷ್ಟಕದ ಕೆಳಗಿನ ಸಾಲನ್ನು ಕಿತ್ತು ನೀರಿನ ಸಮೀಕ್ಷೆಗೆ ಅಂಟಿಸುವುದಕ್ಕೆ. ಅಲ್ಲಿ ತಳಿ ಇಲ್ಲ, ಚೀಟಿ ಎತ್ತಿದ ತಾಕು ಇಲ್ಲ, ಹೋಲಿಕೆಯ ಪ್ರಶ್ನೆಯೂ ಇಲ್ಲ. ಒಂದೇ ತಾಕಿನ ಹತ್ತು ತೆನೆ ತೂಗಿ ಹತ್ತು ಎಂದು ಎಣಿಸಿದವನನ್ನು ಅವರೇ ಮೌಖಿಕ ಪರೀಕ್ಷೆಯಲ್ಲಿ ಬಿಡುವುದಿಲ್ಲ. ಒಂದೇ ಬಾಟಲಿಗೂ ಅದೇ ನ್ಯಾಯ ಅನ್ವಯವಾಗಬೇಕು.

ಎರಡನೆಯ ವಾದ ಉದಾರವಾಗಿ ಕೇಳಿಸುತ್ತದೆ: ಯಾವುದನ್ನು ಬರೆದರೇನು, ಸಂಖ್ಯೆ ಕೊಟ್ಟರೆ ಒಂದರಿಂದ ಇನ್ನೊಂದನ್ನು ಓದುಗರೇ ಪಡೆಯಬಹುದಲ್ಲ? ಪಡೆದು ನೋಡೋಣ. 0.15ನ್ನು ಹದಿನೈದರ ವರ್ಗಮೂಲದಿಂದ ಗುಣಿಸಿದರೆ 0.58 ಬರುತ್ತದೆ. ಅದು ಬಾವಿಗಳ ಎಸ್‌ಡಿಯೂ ಅಲ್ಲ, ಬಾಟಲಿಯದ್ದೂ ಅಲ್ಲ. ಎಣಿಸಿದ ಘಟಕವೇ ತಪ್ಪಿದ್ದರೆ ಗುಣಾಕಾರದಿಂದ ಸರಿಹೋಗುವುದಿಲ್ಲ. ಮೇಲಾಗಿ ± ಎಂದಷ್ಟೇ ಬರೆದು ಅದು ಯಾವುದೆಂದು ಹೇಳದವರೇ ಬಹಳ. ವೈದ್ಯ ವಿಜ್ಞಾನಕ್ಕೂ ಈ ರೋಗ ತಪ್ಪಿದ್ದಲ್ಲ. ಅರಿವಳಿಕೆ ಶಾಸ್ತ್ರದ ನಾಲ್ಕು ಪತ್ರಿಕೆಗಳ 2001ರ ಲೇಖನಗಳನ್ನು ಪೀಟರ್ ನಾಗೆಲೆ ಎಂಬವರು ಪರಿಶೀಲಿಸಿದಾಗ, ಎಸ್‌ಡಿ ಬರಬೇಕಾದ ಕಡೆ ಎಸ್‌ಇ ಬಳಸಿದ ಲೇಖನಗಳು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದರಷ್ಟಿದ್ದವು.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಸ್‌ಇ ಚಿಕ್ಕದು, ಅದನ್ನು ಹಾಕಿದರೆ ಗ್ರಾಫಿನ ಗೆರೆಗಳು ಗಿಡ್ಡವಾಗಿ ಕೆಲಸ ಅಚ್ಚುಕಟ್ಟಾಗಿ ಕಾಣುತ್ತದೆ. ಹಾಗೆ ಕಾಣಲೆಂದೇ ಎಸ್‌ಇ ಆರಿಸುವುದು ಓದುಗನಿಗೆ ಮಾಡುವ ಮೋಸ. ಈ ಮಾತನ್ನು ಮೃದುಗೊಳಿಸಲು ನಾನು ಸಿದ್ಧನಿಲ್ಲ. ಬಾವಿಗಳು ಒಂದರಂತೆ ಒಂದಿಲ್ಲ ಎಂಬುದೇ ಆ ಸಮೀಕ್ಷೆಯ ಮುಖ್ಯ ಫಲಿತಾಂಶ. ಅದನ್ನೇ ಮುಚ್ಚಿಟ್ಟರೆ ಸಮೀಕ್ಷೆ ಮಾಡಿದ್ದಾದರೂ ಯಾಕೆ?

ಎಸ್‌ಇ ಎಲ್ಲೂ ಬೇಡ ಎನ್ನುವ ಉಗ್ರವಾದಿಗಳ ಜೊತೆಗೂ ನಾನಿಲ್ಲ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರ 1945ರ ಪ್ರಸಿದ್ಧ ಫಲಿತಾಂಶ ಇರುವುದೇ ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬ ಬಗ್ಗೆ. ಅಂದಾಜಿನ ಅನಿಶ್ಚಿತತೆ ಗಂಭೀರ ವಿಷಯ. ಒಂದು ದ್ರಾವಣದ ಸಾಂದ್ರತೆಯನ್ನು ಸ್ವತಂತ್ರ ಟೈಟ್ರೇಷನ್‌ಗಳಿಂದ ನಿರ್ಧರಿಸುವಾಗ, ಅಥವಾ ಮಳೆಗೆ ಮುಂಚಿನ ಸರಾಸರಿಯನ್ನೂ ಮಳೆಯ ನಂತರದ್ದನ್ನೂ ಹೋಲಿಸುವಾಗ ಎಸ್‌ಇ ಬೇಕು. ಅಲ್ಲೂ ಬರೀ ಎಸ್‌ಇಗಿಂತ ವಿಶ್ವಾಸಾಂತರವನ್ನು ಕೊಡುವುದು ಒಳ್ಳೆಯದು. ಒಂದು ಎಸ್‌ಇ ಉದ್ದದ ಗೆರೆಯನ್ನು ಓದುಗರು ಶೇಕಡ 95ರ ಗೆರೆ ಎಂದೇ ಭಾವಿಸಿಬಿಡುತ್ತಾರೆ.

ಎಸ್‌ಡಿಗೂ ಮಿತಿಯಿದೆ. ಐದು ಅಂಕಿಗಳಿಂದ ಬಂದ ಎಸ್‌ಡಿ ತಾನೇ ಒಂದು ಒರಟು ಅಂದಾಜು. 1.30ರಿಂದ ಎರಡು ಎಸ್‌ಡಿ ಕಳೆದರೆ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತೇವೆ. ಅಂಕಿಗಳು ಮೇಲ್ಗಡೆಗೆ ಎಳೆದುಕೊಂಡಿರಬಹುದು ಎಂಬುದಕ್ಕೆ ಅದೇ ಸೂಚನೆ. ಹೀಗಿರುವಾಗ ಹತ್ತಕ್ಕಿಂತ ಕಡಿಮೆ ಘಟಕಗಳಿದ್ದರೆ ಸಂಕ್ಷೇಪವನ್ನಷ್ಟೇ ಕೊಡಬೇಡಿ, ಎಲ್ಲ ಅಂಕಿಗಳನ್ನೂ ಅಚ್ಚು ಹಾಕಿ ಎಂಬುದು ನನ್ನ ನಿಲುವು. ಐದು ಸಂಖ್ಯೆಗೆ ಒಂದು ಸಾಲು ಸಾಕು. ಈ ದತ್ತಿಯ ಮೇಷ್ಟ್ರು ಮೂಲ ರೀಡಿಂಗ್ ಇಲ್ಲದ ದಾಖಲೆ ಪುಸ್ತಕಕ್ಕೆ ಸಹಿ ಹಾಕುತ್ತಿರಲಿಲ್ಲವಂತೆ. ಅವರು ಹಿಡಿದಿದ್ದ ಪಟ್ಟು ಸಂಖ್ಯಾಶಾಸ್ತ್ರದ ದೃಷ್ಟಿಯಿಂದಲೂ ಸರಿಯಾದದ್ದೇ.

ಪ್ರಬಂಧ ಸಲ್ಲಿಸುವವರಲ್ಲಿ ನನ್ನ ವಿನಂತಿ ಇಷ್ಟು. ಕೋಷ್ಟಕದ ಶೀರ್ಷಿಕೆಯಲ್ಲಿ "ಐದು ಕೊಳವೆಬಾವಿಗಳ ಸರಾಸರಿ 1.30, ಎಸ್‌ಡಿ 0.63; ಪ್ರತಿ ಬಾವಿಯಿಂದ ಒಂದು ಬಾಟಲಿ, ಪ್ರತಿ ಬಾಟಲಿಗೆ ಮೂರು ರೀಡಿಂಗ್" ಎಂದು ಪೂರ್ತಿ ಬರೆಯಿರಿ. ಕೆಳಗೆ ಐದೂ ಬಾವಿಗಳ ಅಂಕಿ ಕೊಡಿ. 1.5 ದಾಟಿದ ಬಾವಿ ಯಾವುದೆಂದು ಆ ಊರಿನ ಪಂಚಾಯಿತಿಗೆ ಒಂದು ಪತ್ರ ಬರೆದು ತಿಳಿಸಿ.