ಚೀಟಿ ಕೇಳಿದ ಸದಸ್ಯರು
(ಗುಂಡ್ಲುಪೇಟೆಯಲ್ಲಿ ನೆರೆದ ಸಹಕಾರಿಗಳ ಸಮ್ಮೇಳನದ ಅಧ್ಯಕ್ಷ ಭಾಷಣ)



ಅಧ್ಯಕ್ಷಪೀಠದಲ್ಲಿ ಕುಳಿತವನು ಸಹಕಾರ ಚಳವಳಿಯ ಇತಿಹಾಸವನ್ನು 1905ರ ಕಣಗಿನಹಾಳದ ಸಂಘದಿಂದ ಆರಂಭಿಸಿ ಇಂದಿನವರೆಗೆ ತರುವುದು ಇಂಥ ಸಭೆಗಳಲ್ಲಿ ರೂಢಿಯಾಗಿ ಬಂದಿದೆ. ಆ ರೂಢಿಯನ್ನು ಇಂದು ಮುರಿಯುತ್ತಿದ್ದೇನೆ. ಕಳೆದ ಮಾರ್ಚ್ ತಿಂಗಳ ಕೊನೆಯಲ್ಲಿ, ನಾನೇ ಆಡಳಿತ ಮಂಡಳಿಯ ಅಧ್ಯಕ್ಷನಾಗಿರುವ ಸಂಘದಲ್ಲಿ, ನಮ್ಮ ಗುಮಾಸ್ತರೊಬ್ಬರು ವೃದ್ಧ ಸದಸ್ಯರೊಬ್ಬರೊಡನೆ ನಡೆದುಕೊಂಡ ರೀತಿಯ ವಿಚಾರವಾಗಿ ತಾಲ್ಲೂಕಿನಲ್ಲೆಲ್ಲ ಮಾತಾಗಿದೆ. ಅದನ್ನು ನೀವು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳುವುದು ನ್ಯಾಯ.

ಆ ಸದಸ್ಯರು ಅರಿಶಿನ ಬೆಳೆಯುವವರು. ಬೇಯಿಸಿ ಒಣಗಿಸಿದ ಅರಿಶಿನವನ್ನು ಮಾರಿ, ಬಂದ ಹಣವನ್ನು ಪಂಚೆಯ ಮಡಿಲಿನಲ್ಲಿ ಕಟ್ಟಿಕೊಂಡು, ಬೆಳೆ ಸಾಲವನ್ನು ಗಡುವಿನೊಳಗೆ ತೀರಿಸಿ ನವೀಕರಿಸಿಕೊಳ್ಳಬೇಕೆಂದು ಬಂದಿದ್ದರು. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ 5 ಲಕ್ಷ ರೂಪಾಯಿಯವರೆಗಿನ ಬೆಳೆ ಸಾಲಕ್ಕೆ ಬಡ್ಡಿಯಿಲ್ಲವೆಂಬುದು ನಿಮಗೆಲ್ಲ ತಿಳಿದದ್ದೇ. ಆದರೆ ಆ ಅನುಕೂಲ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವನು ರೈತ. ಮೊದಲ ದಿನ ಅವರಿಗೆ ದೊರೆತ ಉತ್ತರ, 'ಸರ್ವರ್ ಇಲ್ಲ, ನಾಳೆ ಬಾ.' ಮರುದಿನವೂ ಅದೇ ಉತ್ತರ. ಮೂರನೆಯ ಸಲ ಬಂದಾಗ ಅವರು ಅತ್ಯಂತ ವಿವೇಕದ ಮಾತೊಂದನ್ನು ಕೇಳಿದರು: ತಾವು ಗಡುವಿಗೆ ಮುಂಚೆಯೇ ಹಣದೊಡನೆ ಬಂದಿದ್ದುದಾಗಿ ಒಂದು ಚೀಟಿ ಬರೆದುಕೊಡಿ ಎಂದು. ಅದಕ್ಕೆ ನಮ್ಮ ಗುಮಾಸ್ತರು, 'ಚೀಟಿ ಬರೆಸ್ಕೊಳ್ಳೋಕೆ ನೀನೇನು ಸಾಹೇಬನಾ? ಸಾಲ ತಗೊಂಡೋನು ಸುಮ್ನೆ ನಿಂತ್ಕೊ' ಎಂದು ಗದರಿ, ಪಾಸ್ ಪುಸ್ತಕವನ್ನು ಮೇಜಿನ ಮೇಲಿಂದ ತಳ್ಳಿದರು. ಅದು ನೆಲಕ್ಕೆ ಬಿತ್ತು. ಸಾಲಿನಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ಎತ್ತಿಕೊಟ್ಟಳು. ಹಿರಿಯರು ಏನೂ ಮಾತನಾಡದೆ ಹೊರಟುಹೋದರು.

ಈ ನಡತೆಗಾಗಿ ನಾನು ಸಂಘದ ಪರವಾಗಿ ಆ ಸದಸ್ಯರ ಕ್ಷಮೆಯನ್ನು ಈಗಾಗಲೇ ಕೇಳಿದ್ದೇನೆ. ಈ ಮಹಾಸಭೆಯ ಮುಂದೆ ಮತ್ತೊಮ್ಮೆ ಕೇಳುತ್ತೇನೆ. ಹಿರಿಯರೊಬ್ಬರನ್ನು ನಮ್ಮ ನೌಕರರು ಏಕವಚನದಲ್ಲಿ ಗದರಿದರು, ಅವರ ಪುಸ್ತಕವನ್ನು ನೆಲಕ್ಕೆ ಕೆಡವಿದರು, ಅವರಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಬರಹವನ್ನು ನಿರಾಕರಿಸಿದರು. ಹೀಗೆ ಮೂರನ್ನೂ ಬಿಡಿಬಿಡಿಯಾಗಿ ಹೇಳುವುದಕ್ಕೆ ಕಾರಣವುಂಟು. 'ಮನಸ್ಸಿಗೆ ನೋವಾಗಿದ್ದಲ್ಲಿ ವಿಷಾದಿಸುತ್ತೇವೆ' ಎಂಬ ಒಕ್ಕಣೆಯ ಕರಡು ಪತ್ರವೊಂದನ್ನು ನಮ್ಮ ಕಚೇರಿಯಲ್ಲಿಯೇ ಸಿದ್ಧಪಡಿಸಿ ನನ್ನ ಸಹಿಗೆ ತಂದಿದ್ದರು. ನಡೆದದ್ದೇನೆಂದು ಹೇಳದೆ, ನೋವಾಯಿತೋ ಇಲ್ಲವೋ ಎಂಬ ಸಂದೇಹವನ್ನು ನೊಂದವರ ಮೇಲೆಯೇ ಹೊರಿಸುವ ಆ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ.

ಇಂಥ ಒಕ್ಕಣೆ ನಮ್ಮದೊಂದೇ ಕಚೇರಿಯ ಸೊತ್ತಲ್ಲ. 2022ರ ಜನವರಿ 21ರಂದು ತುಮಕೂರಿನ ಮಹೀಂದ್ರ ವಾಹನ ಮಳಿಗೆಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಬೊಲೆರೊ ಪಿಕ್‌ಅಪ್ ಕೊಳ್ಳಲು ಗೆಳೆಯರೊಡನೆ ಹೋದ ರೈತರೊಬ್ಬರ ಉಡುಗೆಯನ್ನು ನೋಡಿ, ಹತ್ತು ಲಕ್ಷದ ಗಾಡಿ ಕೇಳುವವರ ಜೇಬಿನಲ್ಲಿ ಹತ್ತು ರೂಪಾಯಿಯೂ ಇರಲಾರದೆಂದು ಮಾರಾಟದ ನೌಕರ ಹಂಗಿಸಿದನೆಂದೂ, ಅವರು ಅಲ್ಪ ಸಮಯದಲ್ಲೇ ಹತ್ತು ಲಕ್ಷ ರೂಪಾಯಿ ಹೊಂದಿಸಿ ತಂದು ಈಗಲೇ ಗಾಡಿ ಕೊಡಿ ಎಂದು ಕುಳಿತರೆಂದೂ ಪತ್ರಿಕೆಗಳಲ್ಲಿ ವರದಿಯಾಯಿತು. ಗಾಡಿ ಅಂದೇ ದೊರೆಯಲಿಲ್ಲ. ವಿಷಯ ಪೊಲೀಸ್ ಠಾಣೆಯವರೆಗೆ ಹೋಯಿತು. ವಾರದೊಳಗೆ ಕಂಪನಿ ಬಹಿರಂಗವಾಗಿ ವಿಷಾದ ಸೂಚಿಸಿತು, ಗಾಡಿಯೂ ರೈತರ ಕೈ ಸೇರಿತು. ಘಟನೆಯ ದಿನಾಂಕವನ್ನು ಮರೆಮಾಚದೆ, ಆ ರೈತರ ಹೆಸರು ಹೇಳಿ ಮಾತನಾಡಿದುದು ಆ ಕಂಪನಿಯ ಸೌಜನ್ಯವೆಂದೇ ಎಣಿಸುತ್ತೇನೆ. ಆದರೂ ಅವರು ವಿಷಾದಿಸಿದ್ದು ರೈತರಿಗೆ ಆದ ಅನನುಕೂಲಕ್ಕೆ. ಗಾಡಿ ತಡವಾದರೆ ಅದು ಅನನುಕೂಲ. ಉಟ್ಟ ಬಟ್ಟೆ ನೋಡಿ ಬಡವನೆಂದು ಹಂಗಿಸಿದರೆ ಅದು ಅವಮಾನ. ಒಂದಕ್ಕಾಗಿ ಇನ್ನೊಂದರ ಕ್ಷಮೆ ಕೇಳಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ.

ನಮ್ಮ ಸಂಘದಲ್ಲಿ ಪಾಸ್ ಪುಸ್ತಕ ನೆಲಕ್ಕೆ ಬಿದ್ದ ದಿನವೇ ಸಂಜೆ ನಾನೂ ನಮ್ಮ ಕಾರ್ಯದರ್ಶಿಗಳೂ ಆ ಹಿರಿಯರ ಊರಿಗೆ ಹೋದೆವು. ಜಗುಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ನಾವು ಹೇಳಿದ್ದನ್ನೆಲ್ಲ ಸಾವಧಾನವಾಗಿ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟು: 'ಅದೆಲ್ಲ ಇರ್ಲಿ ಬುದ್ಧೀ, ಆ ಚೀಟಿ ಕೊಡ್ತೀರಾ?' ಕ್ಷಮಾಪಣೆಯ ವಿಷಯದಲ್ಲಿ ನಾನು ಓದಿರುವ ಯಾವ ಸುತ್ತೋಲೆಯೂ ಇಷ್ಟು ನೇರವಾಗಿ ವಿಷಯಕ್ಕೆ ಬಂದದ್ದಿಲ್ಲ. ಅವರು ಬಂದ ಕೆಲಸ ಹಾಗೆಯೇ ನಿಂತಿದ್ದಿತು, ಗಡುವಿಗೆ ಎರಡೇ ದಿನ ಉಳಿದಿದ್ದವು. ನಾವಾದರೋ ನಮ್ಮ ಮನಸ್ಸಿನ ಭಾರವನ್ನಿಳಿಸಿಕೊಳ್ಳಲು ಹೋಗಿದ್ದೆವು. ಮರುದಿನ ಬೆಳಿಗ್ಗೆ ಸಂಘದಲ್ಲಿ, ಅದೇ ಮೇಜಿನ ಮುಂದೆ, ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ, ಅವರ ಹಣವನ್ನು ಎಣಿಸಿಕೊಂಡು, ಮುದ್ರೆಯೊತ್ತಿ ಕೈಬರಹದ ರಶೀದಿ ಕೊಟ್ಟು, ದಿನವಹಿಯಲ್ಲಿ ಅದೇ ತಾರೀಖಿಗೆ ಜಮೆ ಮಾಡಿದೆವು. ಕಂಪ್ಯೂಟರಿಗೆ ಏರಿದ್ದು ಮೂರು ದಿನಗಳ ತರುವಾಯ. ಕ್ಷಮೆಯ ಮಾತನ್ನು ಅಲ್ಲಿ ಪುನಃ ಹೇಳಿದೆನು. ಅವಮಾನ ನಾಲ್ಕು ಜನರ ಎದುರಿಗಾದ ಮೇಲೆ ಅದರ ಪರಿಹಾರ ಮನೆಯ ಜಗುಲಿಯಲ್ಲೇ ಮುಗಿಯತಕ್ಕದ್ದಲ್ಲ. ಆದರೆ ಹಾಗೆ ಬಹಿರಂಗವಾಗಿ ಕೇಳಬಹುದೇ ಎಂದು ಹಿಂದಿನ ಸಂಜೆಯೇ ಅವರ ಒಪ್ಪಿಗೆ ಪಡೆದಿದ್ದೆವು. ಎಲ್ಲರೆದುರು ಮತ್ತೆ ಮಾತಿಗೆ ವಸ್ತುವಾಗುವುದನ್ನು ಇಷ್ಟಪಡದವರೂ ಇರುತ್ತಾರೆ.

ಕೈಬರಹದ ರಶೀದಿ ಹೊಸದೇನೂ ಅಲ್ಲ, ನಮ್ಮ ತಂದೆಯವರ ಕಾಲದಲ್ಲಿ ಬೇರೆ ರಶೀದಿಯೇ ಇರಲಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಅಂಗೀಕರಿಸಿದ ಮೇಲೆ ಲೆಕ್ಕ ಶುದ್ಧವಾಗುತ್ತಿದೆ, ಸಂತೋಷ. ಆದರೆ ಯಂತ್ರ ನಿಂತಾಗ ಏನು ಮಾಡಬೇಕೆಂಬುದನ್ನು ಬರೆದಿಡದ ಕಡೆ 'ಸರ್ವರ್ ಇಲ್ಲ' ಎಂಬುದು ಯಾರೂ ಪ್ರಶ್ನಿಸಲಾಗದ ಉತ್ತರವಾಗಿಬಿಟ್ಟಿದೆ. ಮೂರು ದಿನ ಈ ಉತ್ತರವನ್ನೇ ಹೇಳಿ ಹೇಳಿ ಬೈಸಿಕೊಂಡ ನೌಕರ, ಯಾರಾದರೂ ಕಾರಣ ಕೇಳಿದಾಗ ಸಿಡಿಯುತ್ತಾನೆ.

ಈಗ ಆ ಗುಮಾಸ್ತರ ವಿಚಾರ. ಅವರನ್ನು ಆ ಕ್ಷಣವೇ ಕೆಲಸದಿಂದ ತೆಗೆಯಬೇಕೆಂದು ಕೆಲವು ನಿರ್ದೇಶಕರು ಹಟ ಹಿಡಿದರು. ನಾನು ಒಪ್ಪಲಿಲ್ಲ. ಸಂಘದ ಕ್ಷಮೆ ವಿಚಾರಣೆಗಾಗಿ ಕಾಯಬೇಕಾಗಿಲ್ಲ, ಆದರೆ ನೌಕರನ ಶಿಕ್ಷೆ ವಿಚಾರಣೆಗಾಗಿ ಕಾಯಲೇಬೇಕು. ಕಾರಣ ಕೇಳುವ ನೋಟಿಸ್ ಕೊಟ್ಟೆವು. ಲಿಖಿತ ಉತ್ತರ ಪಡೆದೆವು. ಪುಸ್ತಕ ಎತ್ತಿಕೊಟ್ಟ ಹೆಣ್ಣುಮಗಳನ್ನೂ ಇನ್ನಿಬ್ಬರನ್ನೂ ಆ ಗುಮಾಸ್ತರ ಸಮಕ್ಷಮದಲ್ಲಿಯೇ ವಿಚಾರಿಸಿದೆವು. ಗುಮಾಸ್ತರು ತಾವು ಬೈದದ್ದನ್ನು ಒಪ್ಪಿಕೊಂಡರು. ಪುಸ್ತಕ ತಾನಾಗಿ ಜಾರಿತೆಂದು ವಾದಿಸಿದರು. ಸಾಕ್ಷಿಗಳು ಅದನ್ನು ಒಪ್ಪಲಿಲ್ಲ. ಎಚ್ಚರಿಕೆಯನ್ನು ಸೇವಾ ಪುಸ್ತಕದಲ್ಲಿ ದಾಖಲಿಸಿ, ಆರು ತಿಂಗಳು ಸದಸ್ಯರೊಡನೆ ವ್ಯವಹರಿಸುವ ಮೇಜಿನಿಂದ ಅವರನ್ನು ಬಿಡಿಸಿ ಗೊಬ್ಬರದ ದಾಸ್ತಾನು ಲೆಕ್ಕಕ್ಕೆ ಹಾಕಿದ್ದೇವೆ. ಅವರಿಂದ ಬಲವಂತದ ಕ್ಷಮಾಪಣೆ ಬರೆಸಿಕೊಳ್ಳಲಿಲ್ಲ.

ಆದರೆ ಶಿಕ್ಷೆಯಿಂದಷ್ಟೇ ಕೆಲಸ ಮುಗಿಯುವುದಿಲ್ಲ. 2025ರ ಮೇ ತಿಂಗಳಿನಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಸ್ಟೇಟ್ ಬ್ಯಾಂಕ್ ಶಾಖೆಯ ವ್ಯವಸ್ಥಾಪಕರು ಗ್ರಾಹಕರೊಡನೆ ಕನ್ನಡ ಮಾತನಾಡಲು ನಿರಾಕರಿಸಿದ ಪ್ರಕರಣದಲ್ಲಿ ವರ್ಗಾವಣೆಯೂ, ಕನ್ನಡದಲ್ಲಿ ಕ್ಷಮೆ ಕೇಳಿದ ವಿಡಿಯೊವೂ ಕೆಲವೇ ದಿನಗಳಲ್ಲಿ ಬಂದವು. ಜನರ ಕೋಪ ನ್ಯಾಯವಾದದ್ದೇ. ಆದರೆ ವರ್ಗಾವಣೆಯಿಂದ ಆ ವ್ಯಕ್ತಿ ಬೇರೊಂದು ಊರಿಗೆ ಹೋಗುತ್ತಾರೆ, ಮೇಜು ಮಾತ್ರ ಇದ್ದಲ್ಲಿಯೇ ಇರುತ್ತದೆ. ರಿಸರ್ವ್ ಬ್ಯಾಂಕು 2014ರಲ್ಲಿ ಪ್ರಕಟಿಸಿದ ಗ್ರಾಹಕ ಹಕ್ಕುಗಳ ಸನ್ನದಿನಲ್ಲಿ ಮೊದಲನೆಯ ಹಕ್ಕೇ ನ್ಯಾಯಯುತ ನಡವಳಿಕೆಯದು. ಸನ್ನದು ಗೋಡೆಯ ಮೇಲಿದ್ದ ಕಡೆಯಲ್ಲೂ ಒರಟು ಮಾತು ನಿಂತಿಲ್ಲ.

ಆದ್ದರಿಂದ ನಾವು ಮೇಜನ್ನೇ ಬದಲಾಯಿಸಲು ಹೊರಟಿದ್ದೇವೆ. ನಮ್ಮ ಸಂಘದ ನವೀಕರಣಗಳಲ್ಲಿ ಬಹುಪಾಲು ಮಾರ್ಚಿನ ಕೊನೆಯ ವಾರದಲ್ಲಿ, ಒಬ್ಬನೇ ಗುಮಾಸ್ತನ ಮುಂದೆ ಬಂದು ಬೀಳುತ್ತಿದ್ದವು. ಇನ್ನು ಮುಂದೆ ಫೆಬ್ರವರಿಯ ನಡುವಿನಿಂದಲೇ ಊರಿಗೊಂದು ದಿನ ಗೊತ್ತುಮಾಡಿ ಡಂಗುರ ಹೊಡೆಸುವುದು, ಬೇಕಾದ ಪಹಣಿ, ಆಧಾರ್ ಪ್ರತಿಗಳು ಯಾವುವೆಂಬುದನ್ನು ಅಂದೇ ಹೇಳಿಸುವುದು. ಸರ್ವರ್ ನಿಂತು ಒಂದು ಗಂಟೆಯಾದರೆ ಕೈರಶೀದಿ ಪುಸ್ತಕ ತೆರೆಯತಕ್ಕದ್ದೆಂದೂ, ಬರಿಗೈಯಲ್ಲಿ ಹಿಂದಿರುಗುವ ಯಾವ ಸದಸ್ಯರೂ ತಾರೀಖು ಹಾಕಿದ ಚೀಟಿಯಿಲ್ಲದೆ ಹೋಗಕೂಡದೆಂದೂ ಲಿಖಿತ ಆದೇಶವಾಗಿದೆ. ಸರ್ಕಾರಿ ಕಚೇರಿಗಳಲ್ಲಿ ಸಕಾಲ ಕಾಯ್ದೆ ಬಂದಂದಿನಿಂದ ಅರ್ಜಿದಾರನ ಕೈಗೆ ಸ್ವೀಕೃತಿ ಪತ್ರ ದೊರೆಯುತ್ತಿದೆ. ತನ್ನದೇ ಸಂಘದಲ್ಲಿ ಷೇರುದಾರನಿಗೆ ಅದು ದೊರೆಯದಿರುವುದು ವಿಪರ್ಯಾಸ. ಇದಕ್ಕೆ ಇನ್ನೊಬ್ಬ ಸಹಾಯಕ ಬೇಕು, ಎರಡು ತಿಂಗಳ ಸಂಬಳ ಬೇಕು. ಸಣ್ಣ ಸಂಘಗಳಿಗೆ ಅದು ಕಷ್ಟವೆಂಬುದನ್ನು ಬಲ್ಲೆ. ಅವುಗಳ ಮಟ್ಟಿಗೆ ನನ್ನ ಬಳಿ ಸಿದ್ಧ ಪರಿಹಾರವಿಲ್ಲ.

ದೂರು ಪುಸ್ತಕದ ವಿಚಾರವಾಗಿ ಒಂದು ಮಾತು. ನಮ್ಮಲ್ಲಿ ಆ ಪುಸ್ತಕ ವರ್ಷಗಳಿಂದ ಖಾಲಿಯಿತ್ತು; ಖಾಲಿಯಿರುವುದನ್ನು ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ನಮೂದಿಸುತ್ತಿದ್ದೆವು. ಅದು ಕಾರ್ಯದರ್ಶಿಗಳ ಬೀರುವಿನೊಳಗಿತ್ತೆಂಬುದು ಈಚೆಗೆ ತಿಳಿಯಿತು. ಈಗ ಅದನ್ನು ಬಾಗಿಲ ಬಳಿ ಇರಿಸಿದ್ದೇವೆ, ತಿಂಗಳಿಗೊಬ್ಬ ನಿರ್ದೇಶಕರು ಸರದಿಯಂತೆ ಓದಿ ಉತ್ತರ ಬರೆಯುತ್ತಾರೆ. ಆದರೂ ಬರೆಯಬಲ್ಲವನ ದೂರು ಮಾತ್ರ ಅದರಲ್ಲಿ ಬರುತ್ತದೆ. ನಿಜವಾದ ಸೂಚನೆ ಬೇರೆ ಇದೆ: ಹಣ ಕಟ್ಟಲು ಬರುವ ರೈತ ತನ್ನೊಡನೆ ಗ್ರಾಮ ಪಂಚಾಯಿತಿಯ ಸದಸ್ಯರನ್ನೋ ಪರಿಚಯದ ಮುಖಂಡರನ್ನೋ ಕರೆತಂದನೆಂದರೆ, ಒಬ್ಬನೇ ಬಂದರೆ ತನಗೆ ಮರ್ಯಾದೆ ಸಿಕ್ಕದೆಂದು ಅವನು ಗ್ರಹಿಸಿದ್ದಾನೆಂದು ತಿಳಿಯಬೇಕು. ಹಾಗೆ ಜೊತೆಯವರೊಡನೆ ಬರುವವರನ್ನು ಎಣಿಸುತ್ತಿರಿ ಎಂದು ನಮ್ಮ ನಿರ್ದೇಶಕರಿಗೆ ಹೇಳಿದ್ದೇನೆ.

ಕೈರಶೀದಿ ಹಾಗೂ ಚೀಟಿಯ ಕ್ರಮವನ್ನು ಈ ಸಮ್ಮೇಳನಕ್ಕೆ ಪ್ರತಿನಿಧಿಗಳನ್ನು ಕಳುಹಿಸಿರುವ ಎಲ್ಲ ಸಂಘಗಳೂ ಅಂಗೀಕರಿಸಬೇಕೆಂಬ ಠರಾವಿನ ಪ್ರತಿಯನ್ನು ನಿಮಗೆ ಹಂಚಲಾಗಿದೆ. ಅದರ ಮೂರನೆಯ ಪರಿಚ್ಛೇದದಲ್ಲಿ 'ಸಾಧ್ಯವಾದಲ್ಲಿ' ಎಂಬ ಪದವನ್ನು ಯಾರೋ ಸೇರಿಸಿದ್ದಾರೆ. ಅದನ್ನು ತೆಗೆದುಹಾಕಬೇಕೆಂದು ನಾನೇ ತಿದ್ದುಪಡಿ ಸೂಚಿಸುತ್ತಿದ್ದೇನೆ. ವಿರೋಧಿಸುವವರು ಮೊದಲು ಮಾತನಾಡಲಿ.