ಒಂದೇ ಅನಿಲ, ಮೂರು ಗ್ರಾಫ್

ಬಾನುಲಿಯಲ್ಲಿ ಗ್ರಾಫ್ ತೋರಿಸಲು ಬರುವುದಿಲ್ಲ. ಹಾಗಾಗಿ ಒಂದು ಹಾಳೆ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ, ಗೆರೆಗಳನ್ನು ನೀವೇ ಎಳೆಯಿರಿ.

ಪಿಸ್ಟನ್ ಇರುವ ಸಿಲಿಂಡರಿನಲ್ಲಿ ಒಂದಿಷ್ಟು ಅನಿಲವಿದೆ. ಅದು ಎಲ್ಲೂ ಸೋರುವುದಿಲ್ಲ. ಅದರ ಒತ್ತಡ 1 ಅಟ್ಮಾಸ್ಫಿಯರ್, ಗಾತ್ರ 10 ಲೀಟರ್, ತಾಪ 300 ಕೆಲ್ವಿನ್. ಇದನ್ನು ‘ಅ’ ಬಿಂದು ಎನ್ನೋಣ. ಒತ್ತಡ ಬದಲಾಗದಂತೆ ಕಾಯಿಸಿದರೆ ಗಾತ್ರ 20 ಲೀಟರಿಗೆ, ತಾಪ 600ಕ್ಕೆ ಏರುತ್ತದೆ. ಇದು ‘ಆ’. ಈಗ ಪಿಸ್ಟನ್ನನ್ನು ಅಲುಗದಂತೆ ಹಿಡಿದು ಮತ್ತೆ 300ಕ್ಕೆ ತಣಿಸಿದರೆ ಒತ್ತಡ ಅರ್ಧಕ್ಕಿಳಿಯುತ್ತದೆ. ಇದು ‘ಇ’. ಕೊನೆಗೆ ತಾಪವನ್ನು 300ರಲ್ಲೇ ಕಾಯ್ದುಕೊಂಡು ನಿಧಾನವಾಗಿ ಒತ್ತಿದರೆ ಅನಿಲ ‘ಅ’ಗೆ ಮರಳುತ್ತದೆ.

ಮೊದಲ ಗ್ರಾಫಿನಲ್ಲಿ ಅಡ್ಡಕ್ಕೆ ಗಾತ್ರ, ಮೇಲಕ್ಕೆ ಒತ್ತಡ. ಸಮಒತ್ತಡದ ಗೆರೆ ಮಲಗಿರುತ್ತದೆ, ಸಮಗಾತ್ರದ್ದು ನೇರ ಕೆಳಗಿಳಿಯುತ್ತದೆ, ಸಮತಾಪದ್ದು ಬಾಗಿದ ಅತಿಪರವಲಯ. ಇದನ್ನೇ ಗಾತ್ರ–ತಾಪದ ಗ್ರಾಫಿಗೆ ಒಯ್ಯುವಾಗ ಅನೇಕರು ಚಿತ್ರದ ಆಕಾರವನ್ನೇ ತಿರುಗಿಸಲು ನೋಡುತ್ತಾರೆ. ಹಾಗೆ ಮಾಡಬೇಡಿ. ಮೂರು ಬಿಂದುಗಳ ಬೆಲೆಗಳನ್ನು ಬರೆದುಕೊಂಡು, ಹೊಸ ಅಕ್ಷಗಳ ಮೇಲೆ ಗುರುತಿಸಿ, ಆಮೇಲೆ ಪ್ರತಿ ಹಂತದಲ್ಲಿ ಯಾವುದು ಸ್ಥಿರ ಎಂದು ಕೇಳಿಕೊಳ್ಳಿ. ತಾಪ ಅಡ್ಡಕ್ಕಿದ್ದರೆ ‘ಅ’ದಿಂದ ‘ಆ’ಗೆ ಹೋಗುವ ಗೆರೆ ಓರೆಯಾಗುತ್ತದೆ. ಅದನ್ನು ಹಿಂದಕ್ಕೆ ಎಳೆದರೆ ಮೂಲಬಿಂದುವನ್ನೇ ಮುಟ್ಟಬೇಕು. ಮುಟ್ಟದಿದ್ದರೆ ಗೆರೆ ತಪ್ಪಿದೆ, ಇಲ್ಲವೇ ನೀವು ಸೆಲ್ಸಿಯಸ್ ಬಳಸಿದ್ದೀರಿ. ಸೆಲ್ಸಿಯಸ್ಸಿನಲ್ಲಿ ಅದು ಅಕ್ಷವನ್ನು ಸೇರುವುದು ಮೈನಸ್ 273ರ ಹತ್ತಿರ. ಒತ್ತಡ–ತಾಪದ ಗ್ರಾಫಿನಲ್ಲಿ ಈ ಓರೆಗೆರೆಯ ಪಾತ್ರ ಸಮಗಾತ್ರದ್ದು. ಸಮತಾಪದ ಗೆರೆ ಎರಡರಲ್ಲೂ ನೆಟ್ಟಗೆ ನಿಲ್ಲುತ್ತದೆ.

ನನ್ನ ಮಟ್ಟಿಗೆ ನಿಜವಾದ ಸ್ವಾರಸ್ಯ ಇರುವುದು ಬೇರೊಂದು ಕಡೆ. ಒತ್ತಡ–ಗಾತ್ರದ ಗ್ರಾಫಿನಲ್ಲಿ ‘ಇ’ ಮತ್ತು ‘ಅ’ಗಳನ್ನು ಸ್ಕೇಲ್ ಇಟ್ಟು ನೇರ ಗೆರೆಯಿಂದ ಜೋಡಿಸಿಬಿಟ್ಟರೆ? ಎರಡು ತುದಿಯಲ್ಲೂ ತಾಪ 300 ತಾನೇ, ದಾರಿಯುದ್ದಕ್ಕೂ ಅಷ್ಟೇ ಇರಬೇಕಲ್ಲ ಎನಿಸುತ್ತದೆ. ಗೆರೆಯ ನಡುಬಿಂದುವನ್ನು ನೋಡಿ: ಗಾತ್ರ 15, ಒತ್ತಡ 0.75. ಎರಡನ್ನೂ ಗುಣಿಸಿದರೆ 11.25 ಬರುತ್ತದೆ. ತುದಿಗಳಲ್ಲಿ ಗುಣಲಬ್ಧ 10. ತಾಪವು ಈ ಗುಣಲಬ್ಧದ ಅನುಪಾತದಲ್ಲೇ ಏರಿಳಿಯುವುದರಿಂದ ನಡುವೆ ಅದು 337.5 ಕೆಲ್ವಿನ್. ಅಂದರೆ ಆ ನೇರ ದಾರಿಯಲ್ಲಿ ಅನಿಲ ಕಾದು ಮತ್ತೆ ತಣಿದಿದೆ. ಗಾತ್ರ–ತಾಪದ ಗ್ರಾಫಿಗೆ ತಂದರೆ ಅದೇ ಗೆರೆ ಬಲಕ್ಕೆ ಉಬ್ಬಿದ ಪರವಲಯವಾಗುತ್ತದೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಇದೆಲ್ಲ ಆದರ್ಶ ಅನಿಲದ ಮಾತು. 1869ರಲ್ಲಿ ಥಾಮಸ್ ಆಂಡ್ರೂಸ್ ಪ್ರಕಟಿಸಿದ ಇಂಗಾಲದ ಡೈಆಕ್ಸೈಡಿನ ಸಮತಾಪ ರೇಖೆಗಳು ಸುಮಾರು 31 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅತಿಪರವಲಯವನ್ನು ಬಿಟ್ಟು, ನಡುವೆ ಚಪ್ಪಟೆಯಾಗಿ ಸಾಗುತ್ತವೆ. ಆ ಚಪ್ಪಟೆ ಭಾಗದಲ್ಲಿ ಅನಿಲ ದ್ರವವಾಗುತ್ತಿರುತ್ತದೆ.