ಹನ್ನೆರಡು ಮೀಟರಿನ ಕಂಬಿ

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೋ ಕೃಷ್ಣರಾಜನಗರಕ್ಕೋ ಬಸ್ಸಿನಲ್ಲಿ ಹೋಗುವವರು ದಾರಿಯುದ್ದಕ್ಕೂ ಒಂದು ನೋಟವನ್ನು ಕಂಡಿರುತ್ತಾರೆ. ಮನೆಗಳ ತಾರಸಿಯ ಮೇಲೆ ಕಬ್ಬಿಣದ ಕಂಬಿಗಳು ನಾಲ್ಕು ನಾಲ್ಕಾಗಿ ತಲೆಯೆತ್ತಿ ನಿಂತಿರುತ್ತವೆ. ಮುಂದೆಂದಾದರೂ ಮಹಡಿ ಕಟ್ಟಬೇಕೆಂಬ ಮನೆಯೊಡೆಯನ ಆಸೆಯ ಗುರುತು ಅವು. ಕಟ್ಟಡದ ಕೆಲಸದವನಾದ ನಾನು ಮಾತ್ರ ಅವುಗಳ ಎತ್ತರವನ್ನು ಕಣ್ಣಿನಲ್ಲೇ ಅಳೆಯುತ್ತೇನೆ. ಈ ಅಭ್ಯಾಸ ನನಗೆ ಬಂದುದು ಹುಣಸೂರಿನ ಒಂದು ಮನೆಯಿಂದ.

ಆ ಮನೆಗೆ 6 ಪಿಲ್ಲರುಗಳು, 6 ಬೀಮುಗಳು. ಪಿಲ್ಲರಿಗೆ ನಾಲ್ಕರಂತೆ 24 ಕಂಬಿ, ಬೀಮಿಗೆ ಮೂರರಂತೆ 18 ಕಂಬಿ. ಎಲ್ಲವೂ 16 ಮಿಲಿಮೀಟರ್ ದಪ್ಪದವು. ಪಿಲ್ಲರಿನ ಕಂಬಿ 3.8 ಮೀಟರ್, ತುದಿಯ ಮಡಿಕೆ ಸೇರಿ ಬೀಮಿನ ಕಂಬಿ 4.3 ಮೀಟರ್. ಅಂಗಡಿಯಲ್ಲಿ ದೊರೆಯುವ ಕಂಬಿಯ ಉದ್ದ 12 ಮೀಟರ್.

ವಾಡಿಕೆಯಂತೆ ಪಿಲ್ಲರಿನದನ್ನು ಬೇರೆಯಾಗಿ, ಬೀಮಿನದನ್ನು ಬೇರೆಯಾಗಿ ಕತ್ತರಿಸಿದರೆ ಏನಾಗುತ್ತದೆ? ಒಂದು ಕಂಬಿಯಲ್ಲಿ ಪಿಲ್ಲರಿನ ಮೂರು ತುಂಡುಗಳು ಬರುತ್ತವೆ. 24ಕ್ಕೆ 8 ಕಂಬಿ ಬೇಕು. ಬೀಮಿನದು ಎರಡೇ ತುಂಡು. 18ಕ್ಕೆ 9 ಕಂಬಿ. ಒಟ್ಟು 17. ಬೀಮಿನ ಪ್ರತಿ ಕಂಬಿಯಲ್ಲೂ 3.4 ಮೀಟರ್ ಉಳಿಯುತ್ತದೆ. ಪಿಲ್ಲರಿಗೆ ಬೇಕಾದುದಕ್ಕಿಂತ 40 ಸೆಂಟಿಮೀಟರ್, ಎಂದರೆ ಮೊಳಕ್ಕೆ ತುಸು ಕಡಿಮೆ. ಈ ಗಿಡ್ಡ ಅಂತರವೇ ಎಲ್ಲ ತೊಂದರೆಗೂ ಮೂಲ.

ನಾನು ಎರಡೂ ಪಟ್ಟಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದೆ. ಬೀಮಿನ ಒಂದು ತುಂಡು, ಪಿಲ್ಲರಿನ ಎರಡು ತುಂಡು ಸೇರಿದರೆ 11.9 ಮೀಟರ್. ಹೀಗೆ 12 ಕಂಬಿಗಳನ್ನು ಕತ್ತರಿಸಿದರೆ ಪಿಲ್ಲರಿನ 24 ತುಂಡೂ ಮುಗಿದು, ಬೀಮಿನ 12 ತುಂಡು ದೊರೆಯುತ್ತವೆ. ಉಳಿದ 6 ತುಂಡಿಗೆ ಇನ್ನು 3 ಕಂಬಿ. ಒಟ್ಟು 15. ಉಳಿತಾಯ 2 ಕಂಬಿ, ಸುಮಾರು 38 ಕಿಲೋ. ಕೊನೆಯ ಮೂರು ಕಂಬಿಗಳಲ್ಲಿ ಉಳಿದ 3.4 ಮೀಟರಿನ ಮೂರು ತುಂಡುಗಳು ಬಾಗಿಲ ಮೇಲಿನ ಲಿಂಟಲಿಗಾದವು.

ಲೆಕ್ಕ ಹಾಳೆಯ ಮೇಲೆ ಸುಲಭ, ಅಂಗಳದಲ್ಲಿ ಅಷ್ಟಿಲ್ಲ. ಪಿಲ್ಲರು ಮೊದಲು ಏಳುತ್ತದೆ, ಬೀಮಿನ ಸರದಿ ವಾರಗಳ ನಂತರ. ಆದುದರಿಂದ ಮೊದಲ ಕಂಬಿಗೆ ಕತ್ತರಿ ತಾಗುವ ಮುನ್ನವೇ ಇಡೀ ಅಂತಸ್ತಿನ ಪಟ್ಟಿ ಸಿದ್ಧವಿರಬೇಕು. ಪಿಲ್ಲರಿನ ಎರಡು ತುಂಡು ತೆಗೆದ ಮೇಲೆ ಉಳಿದ 4.4 ಮೀಟರನ್ನು ಆಗಲೇ 4.3ಕ್ಕೆ ಕತ್ತರಿಸಬಾರದು. ಸೆಂಟ್ರಿಂಗ್ ಹಲಗೆ ಕೂತ ಮೇಲೆ ನಿಜವಾದ ಅಳತೆ ನಾಲ್ಕು ಬೆರಳು ಹೆಚ್ಚಾದರೆ ಆ 10 ಸೆಂಟಿಮೀಟರೇ ಕಾಪಾಡುವುದು. ಅಲ್ಲಿಯವರೆಗೆ ಆ ತುಂಡುಗಳಿಗೆ ಗುರುತು ಕಟ್ಟಿ, ನೆಲ ಸೋಕದಂತೆ ದಿಮ್ಮಿಗಳ ಮೇಲಿರಿಸಬೇಕು. ಹೆಗ್ಗಡದೇವನಕೋಟೆಯ ಮುಂಗಾರಿನಲ್ಲಿ ಇದನ್ನು ಮರೆತವರು ತುಕ್ಕು ಉಜ್ಜುತ್ತ ಕೂರಬೇಕಾಗುತ್ತದೆ.

ಒಂದು ದಿನ ನಾನಿಲ್ಲದಾಗ ಕಂಬಿಯ ಮೇಸ್ತ್ರಿ ಬೇರೊಂದು ಲೆಕ್ಕ ಮಾಡಿದ್ದ. "ನಿಮ್ಮದು ಹದಿನೈದು ಸಾರ್, ನಾನು ಹದಿನಾಲ್ಕರಲ್ಲೇ ಮುಗಿಸ್ತೀನಿ," ಎಂದ. ಮನೆಯೊಡೆಯನ ಮುಖ ಅರಳಿತ್ತು. ಬೀಮಿನದನ್ನು ಬೇರೆ ಕತ್ತರಿಸಿ, ಉಳಿದ 3.4 ಮೀಟರಿನ 9 ತುಂಡುಗಳನ್ನು ಪಿಲ್ಲರಿಗೆ ನಿಲ್ಲಿಸುವುದು. ಉಳಿದ 15 ತುಂಡಿಗೆ 5 ಕಂಬಿ ಸಾಕು. "ಒಂದು ಮೊಳ ಕಮ್ಮಿ ಆದ್ರೆ ಏನಾಯ್ತದೆ ಸಾರ್? ತಂತಿ ಬಿಗಿಯಾಗಿ ಕಟ್ಟಿಬಿಡ್ತೀನಿ."

ಏನಾಗುತ್ತದೆಂಬುದನ್ನು ಹೇಳಬೇಕು. ಪಿಲ್ಲರಿನ 3.8 ಮೀಟರಿನಲ್ಲಿ 3 ಮೀಟರ್ ಅಂತಸ್ತಿನ ಎತ್ತರ. ಉಳಿದ 80 ಸೆಂಟಿಮೀಟರ್ ತಾರಸಿಯ ಮೇಲಕ್ಕೆ ಚಾಚಿ, ಮುಂದಿನ ಮಹಡಿಯ ಕಂಬಿಯ ಪಕ್ಕದಲ್ಲಿ ನಿಲ್ಲುವ ಭಾಗ. ಕಂಬಿಯ ದಪ್ಪದ 50 ಪಟ್ಟು ಎಂದು ನಕಾಶೆಯಲ್ಲಿ ಬರೆದ ಲ್ಯಾಪ್ ಇದೇ. ಒಂದು ಕಂಬಿಯ ಬಲ ಇನ್ನೊಂದಕ್ಕೆ ದಾಟುವುದು ತಂತಿಯ ಮೂಲಕವಲ್ಲ, ಎರಡನ್ನೂ ಬಿಗಿಹಿಡಿದ ಕಾಂಕ್ರೀಟಿನ ಮೂಲಕ. ತಂತಿ ಕಂಬಿಯನ್ನು ಅದರ ಜಾಗದಲ್ಲಿ ನಿಲ್ಲಿಸುತ್ತದೆ, ಅಷ್ಟೆ. ಹಿಡಿತದ ಉದ್ದ ಅರ್ಧವಾದರೆ ಹಿಡಿತವೂ ಅರ್ಧವಾಗುತ್ತದೆ. ಕಾಂಕ್ರೀಟು ಬಿದ್ದ ಮೇಲೆ ಅದನ್ನು ಕಾಣುವವರಾರು?

ಆ ಹೊತ್ತಿನಲ್ಲಿ ನನ್ನ ನೆರವಿಗೆ ಬಂದುದು ಒಂದು ಸರಳ ಕೂಡಿಕೆ. 24 ತುಂಡುಗಳ ಉದ್ದ 91.2 ಮೀಟರ್, 18ರದು 77.4. ಒಟ್ಟು 168.6. 14 ಕಂಬಿಗಳ ಉದ್ದ 168 ಮೀಟರ್ ಮಾತ್ರ. ಎಂಥ ಜಾಣನಾದರೂ, ಒಂದು ಚೂರೂ ಹಾಳುಮಾಡದಿದ್ದರೂ, 14ರಲ್ಲಿ ಕೆಲಸ ಮುಗಿಯದು. 14 ಎಂದವನು ಎಲ್ಲೋ ಒಂದೆಡೆ ಅಳತೆಯನ್ನು ಕುಗ್ಗಿಸಿರಲೇಬೇಕು. ಹಾಳೆಯನ್ನು ಮನೆಯೊಡೆಯನಿಗೆ ತೋರಿಸಿದೆ. ಅವನು ಎರಡು ಬಾರಿ ಕೂಡಿದ; ಆಮೇಲೆ ಮೇಸ್ತ್ರಿಯೂ ಕೂಡಿದ. ಗಿಡ್ಡ ತುಂಡುಗಳು ಪಿಲ್ಲರಿನಿಂದ ಹೊರಬಂದವು.

ಸೋವಿಯತ್ ರಷ್ಯದ ಗಣಿತಜ್ಞ ಕಾಂಟೊರೊವಿಚ್ 1939ರ ತನ್ನ ಪುಸ್ತಕದಲ್ಲಿ, ವಸ್ತುಗಳನ್ನು ಕತ್ತರಿಸುವಾಗ ಚೂರು ಕಡಿಮೆಯಾಗುವ ಬಗೆಯನ್ನೂ ಗಣಿತಕ್ಕೆ ಒಳಪಡಿಸಿದ. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಅವನಿಗೂ ಸಂದಿತು. ತುಂಡುಗಳ ಬಗೆ ಹತ್ತಾರಾದಾಗ ಅಂಥ ಗಣಿತ ಬೇಕು. ಎರಡು ಬಗೆಯ ತುಂಡಿಗೆ ಹಾಳೆ, ಪೆನ್ಸಿಲು ಸಾಕು. ಮೊದಲು ಒಟ್ಟು ಉದ್ದವನ್ನು 12ರಿಂದ ಭಾಗಿಸಬೇಕು. ಬಂದ ಸಂಖ್ಯೆಗಿಂತ ಕೆಳಗೆ ಇಳಿಯುವ ಯಾವ ಉಳಿತಾಯವೂ ಉಳಿತಾಯವಲ್ಲ.

ಆ ಮನೆಗೆ ಇನ್ನೂ ಮಹಡಿ ಏರಿಲ್ಲ. ಹಾದುಹೋಗುವಾಗ ಈಗಲೂ ತಲೆಯೆತ್ತಿ ನೋಡುತ್ತೇನೆ. ಕಂಬಿಗಳು ತಾರಸಿಯ ಮೇಲೆ ಒಂದೇ ಸಮನಾಗಿ, ಎರಡು ಮೊಳಕ್ಕೆ ತುಸು ಕಡಿಮೆ ಎತ್ತರಕ್ಕೆ ನಿಂತಿವೆ.